ಕಬ್ಬಿನ ಟ್ರೇಲರಿಗೆ ಮಿಣುಕು ದೀಪ: 555 ಟೈಮರ್ ಜೊತೆ ನನ್ನ ಅನುಭವ

ಮುಧೋಳದಿಂದ ಜಮಖಂಡಿ ಕಡೆಗೆ ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಗಾಡಿ ಓಡಿಸಿದವರಿಗೆ ಇದು ಗೊತ್ತು. ಮುಂದೆ ಕಬ್ಬು ಹೇರಿದ ಟ್ರೇಲರ್ ಹೋಗುತ್ತಿರುತ್ತದೆ. ಕಬ್ಬಿನ ತುದಿಗಳು ಹಿಂದೆ ಇಳಿಬಿದ್ದು ರಿಫ್ಲೆಕ್ಟರ್ ಮುಚ್ಚಿಹೋಗಿರುತ್ತದೆ. ತೀರಾ ಹತ್ತಿರ ಹೋಗುವವರೆಗೆ ಕಣ್ಣಿಗೆ ಬೀಳುವುದೇ ಇಲ್ಲ. ನಮ್ಮ ಕಾಕಾನದು ಅಂಥವೇ ಎರಡು ಟ್ರೇಲರ್. ಅವುಗಳ ಹಿಂದೆ ಕೋಲಿನ ತುದಿಗೆ ಕಟ್ಟಲು ಮಿಣುಕುವ ಕೆಂಪು ದೀಪ ಬೇಕಿತ್ತು. ನಾನು ರಿಪೇರಿ ಕೆಲಸ ಮಾಡುವವನು, ಕೈಯಲ್ಲಿ ದೀಪವನ್ನು ಲೆಕ್ಕದ ಹೊತ್ತಿಗೆ ಹತ್ತಿಸಿ ಆರಿಸಬಲ್ಲ 555 ಟೈಮರ್ ಐಸಿ ಇತ್ತು. 1971ರಲ್ಲಿ ಹ್ಯಾನ್ಸ್ ಕಾಮೆನ್‌ಜಿಂಡ್ ವಿನ್ಯಾಸ ಮಾಡಿದ ಎಂಟು ಕಾಲಿನ ಈ ಚಿಪ್ ಇಂದಿಗೂ ಸುಲಭವಾಗಿ ಸಿಗುತ್ತದೆ.

ನನಗೆ ಬೇಕಾಗಿದ್ದದ್ದು ಸುಮಾರು ಸೆಕೆಂಡಿಗೆ ಒಂದು ಮಿಂಚು. ಹತ್ತಿರುವ ಹೊತ್ತು ಚಿಕ್ಕದು, ಆರಿರುವ ಹೊತ್ತು ದೊಡ್ಡದು. ಚಿಕ್ಕ ಮಿಂಚು ಕಣ್ಣನ್ನು ಬೇಗ ಸೆಳೆಯುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಎಡವಿದ್ದು ಇಲ್ಲೇ.

ಮೊದಲು ಜೋಡಣೆ ಹೇಳುತ್ತೇನೆ. 12 ವೋಲ್ಟಿನಿಂದ R1 ಎಂಬ ರೆಸಿಸ್ಟರ್ 7ನೇ ಪಿನ್ನಿಗೆ ಬರುತ್ತದೆ. ಅಲ್ಲಿಂದ R2 ಹೊರಟು 6 ಮತ್ತು 2ನೇ ಪಿನ್ ಸೇರುವ ಜಾಗಕ್ಕೆ ಹೋಗುತ್ತದೆ. ಆ ಜಾಗದಿಂದ ನೆಲಕ್ಕೆ, ಅಂದರೆ ಮೈನಸ್ಸಿಗೆ, ಕೆಪಾಸಿಟರ್. 4 ಮತ್ತು 8ನೇ ಪಿನ್ ಪ್ಲಸ್ಸಿಗೆ, 1ನೇದು ಮೈನಸ್ಸಿಗೆ. ಔಟ್‌ಪುಟ್ 3ನೇ ಪಿನ್.

ಕೆಪಾಸಿಟರನ್ನು ನೀರಿನ ಟಾಕಿ ಅಂದುಕೊಳ್ಳಿ. ಅದು ತುಂಬುವಾಗ ನೀರು R1, R2 ಎಂಬ ಎರಡು ಸಣ್ಣ ಪೈಪುಗಳನ್ನು ಒಂದಾದ ಮೇಲೊಂದು ದಾಟಿ ಬರಬೇಕು. ಮೂರರಲ್ಲಿ ಎರಡು ಪಾಲು ತುಂಬಿತು, ಅಂದರೆ 12 ವೋಲ್ಟಿಗೆ 8 ವೋಲ್ಟ್ ಆಯಿತು ಎಂದ ಕೂಡಲೇ ಚಿಪ್ಪಿನ ಒಳಗಿನ ಟ್ರಾನ್ಸಿಸ್ಟರ್ 7ನೇ ಪಿನ್ನನ್ನು ನೆಲಕ್ಕೆ ಎಳೆಯುತ್ತದೆ. ಈಗ ಟಾಕಿ ಖಾಲಿಯಾಗತೊಡಗುತ್ತದೆ, ಆದರೆ R2 ಒಂದರ ಮೂಲಕ ಮಾತ್ರ. ಮೂರರಲ್ಲಿ ಒಂದು ಪಾಲಿಗೆ, ಅಂದರೆ 4 ವೋಲ್ಟಿಗೆ ಇಳಿದಾಗ ಮತ್ತೆ ತುಂಬಲು ಶುರು. ತುಂಬುವಾಗ ಔಟ್‌ಪುಟ್ ಮೇಲಿರುತ್ತದೆ, ಖಾಲಿಯಾಗುವಾಗ ಕೆಳಗಿರುತ್ತದೆ.

```
T_high = 0.693 × (R1 + R2) × C
T_low  = 0.693 × R2 × C
f      = 1.44 / ((R1 + 2×R2) × C)
```

ತುಂಬುವ ದಾರಿಯಲ್ಲಿ ಎರಡು ರೆಸಿಸ್ಟರ್, ಖಾಲಿಯಾಗುವ ದಾರಿಯಲ್ಲಿ ಒಂದೇ. ಅದಕ್ಕೇ ಮೇಲಿರುವ ಹೊತ್ತು ಯಾವಾಗಲೂ ಜಾಸ್ತಿ. ಈ ಜೋಡಣೆಯಲ್ಲಿ ಅದನ್ನು ಅರ್ಧಕ್ಕಿಂತ ಕಡಿಮೆ ಮಾಡಲು ಆಗುವುದೇ ಇಲ್ಲ.

ನಾನು ಮೊದಲು ಎಲ್ಲರಂತೆ ಎಲ್‌ಇಡಿಯನ್ನು 3ನೇ ಪಿನ್ನಿಗೂ ಮೈನಸ್ಸಿಗೂ ನಡುವೆ ಹಾಕಿದೆ. R1 ಜಾಗದಲ್ಲಿ ಪ್ರಿಸೆಟ್, ಅಂದರೆ ತಿರುಗಿಸಿ ಹೆಚ್ಚು ಕಡಿಮೆ ಮಾಡಬಲ್ಲ ರೆಸಿಸ್ಟರ್ ಇಟ್ಟು, ಸರಿ ಮಾಡೋಣ ಅಂದುಕೊಂಡೆ. ಹೆಚ್ಚಿಸಿದರೆ ದೀಪ ಇನ್ನೂ ಹೆಚ್ಚು ಹೊತ್ತು ಉರಿಯಿತು. ಕಡಿಮೆ ಮಾಡುತ್ತಾ ಹೋದರೆ ಅರ್ಧಕ್ಕೆ ಹತ್ತಿರ ಬಂತು, ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ಇನ್ನಷ್ಟು ತಿರುಗಿಸಿದೆ. ಪ್ರಿಸೆಟ್ ಸೊನ್ನೆಗೆ ಬಂತು, ಚಿಪ್ ಮುಟ್ಟಲಾಗದಷ್ಟು ಬಿಸಿಯಾಗಿ ಸತ್ತೇ ಹೋಯಿತು. R1 ಸೊನ್ನೆಯಾದರೆ 7ನೇ ಪಿನ್ ನೇರವಾಗಿ 12 ವೋಲ್ಟಿಗೆ ಕೂರುತ್ತದೆ, ಒಳಗಿನ ಟ್ರಾನ್ಸಿಸ್ಟರ್ ಅದನ್ನೇ ನೆಲಕ್ಕೆ ಎಳೆಯುತ್ತದೆ. ಆ ಕರೆಂಟನ್ನು ತಡೆಯಲು ನಡುವೆ ಏನೂ ಇಲ್ಲವಲ್ಲ. ಆವತ್ತಿನಿಂದ ಪ್ರಿಸೆಟ್ ಹಾಕಿದರೆ ಅದರ ಜೊತೆ ಸಾಲಾಗಿ ಕನಿಷ್ಠ ಒಂದು ಕಿಲೋ ಓಮ್ ರೆಸಿಸ್ಟರ್ ಹಾಕದೆ ಬಿಡುವುದಿಲ್ಲ.

ದಾರಿ ಸಿಕ್ಕಿದ್ದು ದೀಪವನ್ನು ತಿರುಗಿಸಿದಾಗ. ಎಲ್‌ಇಡಿಯನ್ನು ಪ್ಲಸ್ಸಿಗೂ 3ನೇ ಪಿನ್ನಿಗೂ ನಡುವೆ ಹಾಕಿದರೆ ಔಟ್‌ಪುಟ್ ಕೆಳಗಿರುವಾಗ ಹತ್ತುತ್ತದೆ. ಚಿಕ್ಕ ಹೊತ್ತು ಅದೇ ತಾನೆ? ಈಗ ಮಿಂಚಿನ ಹೊತ್ತನ್ನು R2 ಮತ್ತು ಕೆಪಾಸಿಟರ್ ನಿರ್ಧರಿಸುತ್ತವೆ. R1 ಹೆಚ್ಚಿಸಿದರೆ ನಡುವಿನ ಕತ್ತಲು ಮಾತ್ರ ಹೆಚ್ಚುತ್ತದೆ.

ಲೆಕ್ಕ ಹೀಗೆ ಮಾಡಿದೆ. ಮಿಂಚು 0.2 ಸೆಕೆಂಡ್, ಕತ್ತಲು 0.8 ಸೆಕೆಂಡ್ ಬೇಕು. ಕೆಪಾಸಿಟರ್ 10 ಮೈಕ್ರೋಫ್ಯಾರಡ್ ಎಂದು ಮೊದಲೇ ಆರಿಸಿಕೊಂಡೆ, ಯಾಕೆಂದರೆ ಅಂಗಡಿಯಲ್ಲಿ ರೆಸಿಸ್ಟರಿನ ಅಳತೆಗಳು ಹತ್ತಾರು ಸಿಗುತ್ತವೆ, ಕೆಪಾಸಿಟರಿನವು ಕೆಲವೇ. R2 ಸುಮಾರು 29 ಕಿಲೋ ಓಮ್ ಬಂತು, 27 ಹಾಕಿದೆ. ಎರಡೂ ಸೇರಿ 115 ಆಗಬೇಕು, ಹಾಗಾಗಿ R1 88 ಬಂತು, ಅದರ ಹತ್ತಿರದ 82 ಕಿಲೋ ಓಮ್ ಹಾಕಿದೆ. ಈ ಅಳತೆಗಳಿಗೆ ಮಿಂಚು 0.187, ಕತ್ತಲು 0.755, ಒಟ್ಟು 0.942 ಸೆಕೆಂಡ್. ಐದರಲ್ಲಿ ಒಂದು ಪಾಲು ಬೆಳಕು.

ಆದರೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು 20 ಮಿಂಚು ಎಣಿಸಿದರೆ 19 ಸೆಕೆಂಡ್ ಬರಬೇಕಿತ್ತು, 22 ಬಂತು. ರೆಸಿಸ್ಟರ್ ಅಳೆದೆ, ಎರಡೂ ಸರಿ ಇದ್ದವು. ವ್ಯತ್ಯಾಸ ಇದ್ದದ್ದು ಕೆಪಾಸಿಟರಿನಲ್ಲಿ. ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಮೇಲೆ 10 ಎಂದು ಬರೆದಿದ್ದರೂ ಶೇ. 20ರಷ್ಟು ಆಚೀಚೆ ಇರುವುದು ಸಾಮಾನ್ಯ. ನನ್ನದು ಲೆಕ್ಕ ಹಾಕಿದರೆ 11.7ರ ಹತ್ತಿರ ಇತ್ತು. ಆದರೂ ಬೆಳಕು ಮತ್ತು ಕತ್ತಲಿನ ಅನುಪಾತ ಕೆಡಲಿಲ್ಲ. ಎರಡೂ ಹೊತ್ತಿನ ಸೂತ್ರದಲ್ಲಿ C ಒಂದೇ ತರಹ ಕೂತಿದೆ, ಭಾಗಿಸಿದರೆ ಹಾರಿಹೋಗುತ್ತದೆ. ಅನುಪಾತ ರೆಸಿಸ್ಟರುಗಳದ್ದು, ಕೆಪಾಸಿಟರ್ ವೇಗ ಮಾತ್ರ ಬದಲಿಸುತ್ತದೆ. ನನಗೆ ಬಹಳ ಇಷ್ಟವಾದ ಸಂಗತಿ ಇದು.

ಇದೇ ಕೆಪಾಸಿಟರ್ ಇನ್ನೊಂದು ಪಾಠ ಕಲಿಸಿತು. ಸುಮ್ನೆ ನೋಡೋಣ ಎಂದು R1ಗೆ 1 ಮೆಗಾ ಓಮ್ ಹಾಕಿ, ಹಳೇ ಟಿವಿ ಬೋರ್ಡಿನಿಂದ ಕಿತ್ತ ಕೆಪಾಸಿಟರ್ ಇಟ್ಟೆ. ದೀಪ ಹತ್ತಲೇ ಇಲ್ಲ. ಮಲ್ಟಿಮೀಟರ್ ಇಟ್ಟರೆ ಕೆಪಾಸಿಟರ್ 6 ವೋಲ್ಟಿನಲ್ಲಿ ನಿಂತುಬಿಟ್ಟಿತ್ತು. 8 ವೋಲ್ಟ್ ಮುಟ್ಟುವ ಹೊತ್ತಿಗೆ ಆ ದೊಡ್ಡ ರೆಸಿಸ್ಟರಿನಲ್ಲಿ ಹರಿಯುವುದು ಬರೀ 4 ಮೈಕ್ರೋಆಂಪ್. ಹಳೇ ಕೆಪಾಸಿಟರ್ ಅದಕ್ಕಿಂತ ಜಾಸ್ತಿ ಸೋರುತ್ತಿತ್ತು. ಟಾಕಿ ಸೋರುತ್ತಿದ್ದರೆ ಎಷ್ಟು ಬಿಟ್ಟರೂ ತುಂಬುವುದಿಲ್ಲ, ಅಲ್ವಾ? ಸರಿ ಇರುವ ಸರ್ಕ್ಯೂಟಿನಲ್ಲಿ ಆ ವೋಲ್ಟೇಜ್ 4ಕ್ಕೂ 8ಕ್ಕೂ ನಡುವೆ ಏರಿಳಿಯುತ್ತಲೇ ಇರುತ್ತದೆ.

ಎಲ್‌ಇಡಿ ಮೂರು ಮೂರರಂತೆ ಎರಡು ಸಾಲು, ಪ್ರತಿ ಸಾಲಿಗೆ 470 ಓಮ್. ಎಲ್ಲಾ ಸೇರಿ 35 ಮಿಲಿಆಂಪ್ ಒಳಗೆ, ಚಿಪ್ಪಿಗೆ ಇದು ಭಾರವಲ್ಲ. 5ನೇ ಪಿನ್ನಿಂದ ಮೈನಸ್ಸಿಗೆ 0.01 ಮೈಕ್ರೋಫ್ಯಾರಡ್ ಹಾಕಿದೆ. ಬ್ಯಾಟರಿಯ ಪ್ಲಸ್ ತಂತಿಯಲ್ಲಿ ಸಾಲಾಗಿ 47 ಓಮ್, ಅದರ ನಂತರ ಪ್ಲಸ್ಸಿನಿಂದ ಮೈನಸ್ಸಿಗೆ 15 ವೋಲ್ಟಿನ ಜೀನರ್ ಡಯೋಡ್ ಮತ್ತು 100 ಮೈಕ್ರೋಫ್ಯಾರಡ್ ಹಾಕಿದೆ, ಟ್ರ್ಯಾಕ್ಟರಿನ ಕರೆಂಟು ಒರಟು ಅಂತ.

ಟ್ರೇಲರಿಗೆ ಕಟ್ಟಿ ಸ್ವಿಚ್ ಹಾಕಿದೆ. ಕಾಕಾ ಕೂಡಲೇ, "ಏನ್ಲೇ ತಮ್ಮಾ, ಹತ್ತವಲ್ದಲ್ಲೋ?" ಅಂದರು. "ತಡೀರಿ ಕಾಕಾ, ಹತ್ತತೈತಿ" ಅಂದೆ. ಮೊದಲ ಸಲ ಕೆಪಾಸಿಟರ್ ಸೊನ್ನೆಯಿಂದ ತುಂಬಬೇಕು. ಮುಂದಿನ ಕತ್ತಲು ಸೆಕೆಂಡಿಗಿಂತ ಕಡಿಮೆ, ಆ ಮೊದಲನೆಯದು ಒಂದೂವರೆ ಸೆಕೆಂಡಿನ ಹತ್ತಿರ. ಹತ್ತಿತು. ಎಂಜಿನ್ ಶುರು ಮಾಡಿ ಜೋರಾಗಿ ಎಕ್ಸಲೇಟರ್ ಕೊಡಿಸಿದೆ. ವೋಲ್ಟೇಜ್ 14ಕ್ಕೆ ಏರಿತು, ಬೆಳಕು ಸ್ವಲ್ಪ ಜಾಸ್ತಿಯಾಯಿತು, ಮಿಣುಕುವ ವೇಗ ಹಾಗೇ ಇತ್ತು. ಒಂದು ಪಾಲು, ಎರಡು ಪಾಲು ಎಂಬ ಗೆರೆಗಳೂ ಬ್ಯಾಟರಿಯ ಜೊತೆಗೇ ಏರುತ್ತವೆ, ಅದಕ್ಕೇ.

ಎರಡನೇ ಟ್ರೇಲರಿಗೆ ಕಾಕಾ ಇನ್ನೂ ಬೇಗ ಮಿಣುಕಬೇಕು ಅಂದರು. ರೆಸಿಸ್ಟರ್ ಮುಟ್ಟಲಿಲ್ಲ. 10 ಮೈಕ್ರೋಫ್ಯಾರಡ್ ಜಾಗದಲ್ಲಿ 4.7 ಹಾಕಿದೆ, 20 ಮಿಂಚು 9 ಸೆಕೆಂಡಿನಲ್ಲಿ ಮುಗಿದವು. ಈಗ ಕಾಕಾ ಕಾರ್ಖಾನೆಯ ಸಾಲಿನಲ್ಲಿ ದೂರದಿಂದಲೇ ನೋಡಿ, ತಮ್ಮ ಎರಡು ಟ್ರೇಲರಿನಲ್ಲಿ ಯಾವುದು ಮುಂದೆ ಹೋಯಿತು ಎಂದು ಹೇಳುತ್ತಾರೆ.