ಸಂಬಳ ತಡವಾಗುತ್ತದೆ ಎಂದು ಸಿಬ್ಬಂದಿಗೆ ಪತ್ರ ಬರೆಯುವುದು ಹೇಗೆ?

ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೈಸೇರಬೇಕು ಎನ್ನುತ್ತದೆ 2019ರ ವೇತನ ಸಂಹಿತೆ. ಪತ್ರ ಬರೆದ ಮಾತ್ರಕ್ಕೆ ತಡ ಕಾನೂನುಬದ್ಧವಾಗುವುದಿಲ್ಲ. ಆದರೆ ಬಾಡಿಗೆ, ಸಾಲದ ಕಂತು ಕಟ್ಟಬೇಕಾದವರಿಗೆ ಮುಂಚೆಯೇ ತಿಳಿದರೆ ಬೇರೆ ವ್ಯವಸ್ಥೆ ಮಾಡಿಕೊಳ್ಳಲು ಸಮಯ ಸಿಗುತ್ತದೆ. ಆದ್ದರಿಂದ ಪತ್ರ 7ನೇ ತಾರೀಖಿಗೆ ಮೂರು ದಿನ ಮೊದಲಾದರೂ ಹೊರಡಲಿ.

ಮೊದಲು ಲೆಕ್ಕ. 40 ಜನರ ಒಂದು ಫ್ಯಾಬ್ರಿಕೇಷನ್ ಘಟಕ ಎಂದುಕೊಳ್ಳಿ. 30 ಮಂದಿಗೆ ಕೈಗೆ ಬರುವ ಸಂಬಳ ತಲಾ 18,000 ರೂಪಾಯಿ, ಉಳಿದ 10 ಮಂದಿಗೆ 36,000. ಒಟ್ಟು 9 ಲಕ್ಷ. ಗಿರಾಕಿಯ ಬಿಲ್ ಬಾಕಿ ನಿಂತು ಖಾತೆಯಲ್ಲಿರುವುದು 7.2 ಲಕ್ಷ. ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಕಡಿತ ಮಾಡುವುದು ಮೇಲ್ನೋಟಕ್ಕೆ ನ್ಯಾಯ ಅನ್ನಿಸಬಹುದು. ಆದರೆ 18,000ದಲ್ಲಿ ಮನೆ ನಡೆಸುವವರಿಗೆ 3,600 ರೂಪಾಯಿ ಕಡಿಮೆಯಾದರೆ ರೇಷನ್‌ಗೇ ಕೊರತೆ. ಅವರಿಗೆ ಪೂರ್ತಿ ಕೊಡಿ: 5.4 ಲಕ್ಷ. ಉಳಿದ 1.8 ಲಕ್ಷದಲ್ಲಿ ಹತ್ತು ಮಂದಿಗೂ ಅರ್ಧ ಸಂಬಳ ಬರುತ್ತದೆ. ಪಿಎಫ್, ಇಎಸ್‌ಐ ಹಣವನ್ನು ಮಾತ್ರ ಇದಕ್ಕೆ ಬಳಸಬೇಡಿ. ಅದನ್ನು 15ರೊಳಗೆ ಕಟ್ಟಲೇಬೇಕು.

ಈಗ ತಾರೀಖು. ಗಿರಾಕಿ 15ಕ್ಕೆ ಕೊಡುತ್ತೇನೆ ಎಂದಿದ್ದರೆ ನೀವು 20 ಎಂದು ಬರೆಯಿರಿ. ‘ಹಣ ಬಂದ ಕೂಡಲೇ’, ‘ಆದಷ್ಟು ಬೇಗ’ ಎಂಬ ಮಾತು ಬೇಡವೇ ಬೇಡ. ಅದನ್ನು ಓದಿದವರು ಬೇರೆ ಕೆಲಸ ಹುಡುಕಲು ಶುರುಮಾಡುತ್ತಾರೆ. 20ಕ್ಕೂ ಬಿಲ್ ಬಾರದಿದ್ದರೆ ಹಣ ಎಲ್ಲಿಂದ ಎಂಬುದನ್ನು ಪತ್ರ ಬರೆಯುವ ಮೊದಲೇ ಬ್ಯಾಂಕಿನಲ್ಲಿ ಮಾತಾಡಿಕೊಂಡಿರಿ.

ಪತ್ರ ಹೀಗಿರಬಹುದು:

“ಆತ್ಮೀಯ ಸಿಬ್ಬಂದಿಗೆ, ನಮಗೆ ಬರಬೇಕಾದ ಒಂದು ಬಿಲ್‌ನ ಹಣ ತಡವಾಗಿದೆ. ಇದರಿಂದ ಮಾರ್ಚ್ ಸಂಬಳವನ್ನು ಎಲ್ಲರಿಗೂ ಒಮ್ಮೆಗೇ ಕೊಡಲಾಗುತ್ತಿಲ್ಲ. ಕ್ಷಮಿಸಿ. 18,000 ರೂಪಾಯಿ ಸಂಬಳದವರಿಗೆ ಪೂರ್ತಿ ಹಣ ಏಪ್ರಿಲ್ 7ಕ್ಕೆ ಜಮೆಯಾಗುತ್ತದೆ. 36,000 ಇರುವವರಿಗೆ 18,000 ಏಪ್ರಿಲ್ 7ಕ್ಕೆ, ಉಳಿದ 18,000 ಏಪ್ರಿಲ್ 20ಕ್ಕೆ. ಏಪ್ರಿಲ್ ತಿಂಗಳ ಸಂಬಳ ಎಂದಿನಂತೆ ಮೇ 7ಕ್ಕೆ. ಈ ತಡದಿಂದ ಸಾಲದ ಕಂತು ಬೌನ್ಸ್ ಆದರೆ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿ. ಆ ದಂಡ ನಾವು ಕೊಡುತ್ತೇವೆ. ತುರ್ತು ಇದ್ದವರು ಅಕೌಂಟ್ಸ್ ವಿಭಾಗದಲ್ಲಿ ನೇರವಾಗಿ ಹೇಳಿ.”

ಕೆಳಗೆ ಮಾಲೀಕರೇ ಸಹಿ ಮಾಡಬೇಕು, ಮ್ಯಾನೇಜರ್ ಅಲ್ಲ. ಹೊರರಾಜ್ಯದವರಿದ್ದರೆ ಹಿಂದಿಯಲ್ಲೂ ಒಂದು ಪ್ರತಿ ಬೋರ್ಡಿಗೆ ಹಾಕಿಸಿ. ‘ತಡಕ್ಕೆ ನನ್ನ ಒಪ್ಪಿಗೆಯಿದೆ’ ಎಂದು ನೌಕರರಿಂದ ಬರೆಸಿಕೊಳ್ಳಬೇಡಿ. ಬರೆಸಿಕೊಂಡರೂ ಸಂಬಳದ ಮೇಲಿನ ಅವರ ಹಕ್ಕು ಹೋಗುವುದಿಲ್ಲ, ಇದ್ದ ನಂಬಿಕೆ ಹೋಗುತ್ತದೆ.

7ರಂದು ಸಂಬಳ ಚೀಟಿಯಲ್ಲಿ ಪೂರ್ತಿ ಮೊತ್ತ, ಕೊಟ್ಟದ್ದು, ಬಾಕಿ ಮೂರನ್ನೂ ತೋರಿಸಿ. ಬಾಕಿಯ ಸಾಲು ಇಲ್ಲದ ಚೀಟಿ ಕಂಡರೆ ಸಂಬಳವೇ ಇಳಿದಿದೆ ಎಂಬ ಸುದ್ದಿ ಸಂಜೆಯೊಳಗೆ ಘಟಕವೆಲ್ಲ ಹಬ್ಬುತ್ತದೆ. 20ರ ಮಾತು ತಪ್ಪುವ ಸೂಚನೆ ಕಂಡರೆ 17ಕ್ಕೇ ಎರಡನೇ ಪತ್ರ ಕೊಡಿ, ಅದರಲ್ಲೂ ಹೊಸ ತಾರೀಖು ಮತ್ತು ಮೊತ್ತ ಇರಲಿ.