ಪುಣೆ ಲಿಫ್ಟ್‌ನಲ್ಲಿ ಯಾರಾದ್ರೂ 'ಕಾಯ್ ಮ್ಹಣತಾ' ಅಂದ್ರೆ

ಹೊಸದಾಗಿ ಪುಣೆಗೆ ಬಂದವರಿಗೆ ಒಂದು ಸಣ್ಣ ಸಲಹೆ. ನಾನು ಇಲ್ಲಿನ ಕೋಥ್ರೂಡ್‌ಗೆ ಬಂದ ಮೊದಲ ವಾರ, ಲಿಫ್ಟ್‌ನಲ್ಲಿ ಹಾಲಿನ ಚೀಲ ಹಿಡಿದಿದ್ದ ಅಜ್ಜರೊಬ್ಬರು ನನ್ನ ನೋಡಿ "ಕಾಯ್ ಮ್ಹಣತಾ?" ಅಂದರು. ಈ ಮರಾಠಿ ಮಾತನ್ನ ಪದಕ್ಕೆ ಪದ ಹಿಡಿದರೆ 'ಏನಂತೀರಿ' ಅಂತ ಅಲ್ವಾ, ನಾನು ಗಾಬರಿಯಲ್ಲಿ "ಕಾಹೀ ನಾಹೀ", ಅಂದ್ರೆ ನಾನೇನೂ ಅನ್ನಲಿಲ್ಲ ಅಂತ ಕೈಯಾಡಿಸಿಬಿಟ್ಟೆ. ಅವರು ಸುಮ್ನೆ ನಕ್ಕರು. ಆಮೇಲೆ ಏಳನೇ ಮಹಡಿ ತನಕ ಇಬ್ಬರೂ ಬಾಗಿಲು ನೋಡಿದ್ದೇ ನೋಡಿದ್ದು.

ನಮ್ಮಲ್ಲಿ "ಏನ್ ಸಮಾಚಾರ" ಅಂತಾರಲ್ಲ, ಇದೂ ಅದೇ. ಸಮಾಚಾರ ಯಾರಿಗೂ ಬೇಕಿಲ್ಲ! "ಮಜೇತ್, ತುಮ್ಹೀ?" ಅಂದರೆ ಸಾಕು, ಆರಾಮು, ನೀವು ಅಂತ. ಎದುರಿನವರು ಬರೀ "ನಮಸ್ಕಾರ" ಅಂದರೆ ನೀವೂ ಅದನ್ನೇ ತಿರುಗಿಸಿ, ಮುಖ ನೋಡಿ ಹೇಳಿ, ಆಮೇಲೆ ಬೇಕಾದರೆ ಮೊಬೈಲ್ ನೋಡಿ. ಅವರು ಒಂದು ಮಾತು ಆಡಿದರೆ ನೀವೂ ಒಂದೇ ಆಡಿ, ಊರು ಕೆಲಸ ಎಲ್ಲಾ ಒದರಿದರೆ ಅವರಿಗೇ ಮುಜುಗರ.

ಇಳಿಯುವಾಗ "ಜಾತೋ" ಅನ್ನಬೇಡಿ. ನಾವು 'ಹೋಗ್ತೀನಿ' ಅನ್ನದೆ 'ಬರ್ತೀನಿ' ಅಂತೀವಲ್ಲ, ಇಲ್ಲೂ ಹಾಗೇ, ಗಂಡಸರಾದರೆ "ಯೇತೋ", ಹೆಂಗಸರಾದರೆ "ಯೇತೆ".

ಬಸ್ಸಿನಲ್ಲಿ ಪಕ್ಕದವರಿಗೂ ಇಷ್ಟೇ ಸಾಕು. ಆದರೆ ನಿಮ್ಮ ಸ್ಟಾಪ್, ಮನೆ ನಂಬರ್ ಕೇಳೋಕೆ ಶುರು ಮಾಡಿದರೆ ಮಾತ್ರ "ಇಥೇಚ್, ಜವಳ್", ಇಲ್ಲೇ ಹತ್ತಿರ ಅಂದು ಕಿಟಕಿ ಕಡೆ ತಿರುಗಿ.