ಅವನತ ಕೋನವನ್ನು ಎಲ್ಲಿ ಗುರುತಿಸಬೇಕು? ಏಣಿಯಿಂದಲೇ ಶುರು ಮಾಡೋಣ

ಹತ್ತನೇ ತರಗತಿಯ ಏಣಿ, ಗೋಪುರ, ಕಟ್ಟಡದ ಲೆಕ್ಕಗಳಲ್ಲಿ ಮಕ್ಕಳು ಹೆಚ್ಚಾಗಿ ಎಡವುವುದು ಚಿತ್ರ ಬರೆಯುವಾಗಲೇ. ಮನೆಪಾಠಕ್ಕೆ ಬರುವವರ ನೋಟ್‌ಬುಕ್‌ನಲ್ಲಿ ಇದನ್ನು ನೋಡುತ್ತಲೇ ಇದ್ದೇನೆ. ಸೂತ್ರ ಸರಿ ಇರುತ್ತದೆ, ಗುಣಾಕಾರವೂ ಸರಿ ಇರುತ್ತದೆ, ಕೋನ ಮಾತ್ರ ತಪ್ಪು ಮೂಲೆಯಲ್ಲಿ ಕೂತಿರುತ್ತದೆ.

ಹಂತ 1: ನೆಲಕ್ಕೆ ಒಂದು ಅಡ್ಡಗೆರೆ, ಗೋಡೆಗೆ ಒಂದು ನೇರ ಗೆರೆ ಎಳೆಯಿರಿ. ಅವು ಸೇರುವಲ್ಲಿ 90°.

ಹಂತ 2: ಏಣಿ ಎಳೆಯಿರಿ. 6 ಮೀಟರ್ ಉದ್ದದ ಏಣಿ ನೆಲದೊಂದಿಗೆ 60° ಕೋನ ಮಾಡುತ್ತಿದೆ ಎಂದುಕೊಳ್ಳಿ. ಏಣಿಯ ಬುಡದಲ್ಲಿ 60° ಬರೆಯಿರಿ. ಬುಡದಲ್ಲಿ ನಿಂತು ಏಣಿಯ ತುದಿ ನೋಡಿದರೆ ಅದೇ ಉನ್ನತ ಕೋನ. ಪ್ರಶ್ನೆಯಲ್ಲಿ ‘ನೆಲದೊಂದಿಗೆ’ ಎಂದಿದೆಯೋ ‘ಗೋಡೆಯೊಂದಿಗೆ’ ಎಂದಿದೆಯೋ ಎಂದು ಎರಡು ಸಲ ಓದಿ, ಆ ಪದದ ಕೆಳಗೆ ಗೆರೆ ಹಾಕಿ. ಗೋಡೆಯೊಂದಿಗೆ 60° ಎಂದಿದ್ದರೆ ನೆಲದೊಂದಿಗೆ ಉಳಿಯುವುದು 30° ಮಾತ್ರ. ಆಗ ಏಣಿ ಮುಟ್ಟುವ ಎತ್ತರ ಸುಮಾರು 5.2 ಮೀಟರ್‌ನಿಂದ 3 ಮೀಟರ್‌ಗೆ ಇಳಿಯುತ್ತದೆ.

ಹಂತ 3: ಅವನತ ಕೋನ. ಇಲ್ಲಿ ಅವಸರ ಬೇಡ.

ಈಗ ಏಣಿಯ ತುದಿಯಲ್ಲಿ ಕೂತು ಬುಡವನ್ನು ನೋಡುತ್ತಿದ್ದೀರಿ. ಅವನತ ಕೋನ ಎಲ್ಲಿದೆ? ತುಂಬಾ ಮಕ್ಕಳು ಏಣಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಬರೆಯುತ್ತಾರೆ. ತ್ರಿಭುಜದ ಮೇಲಿನ ಮೂಲೆ ಅದೇ ತಾನೇ, ಕಣ್ಣು ಅಲ್ಲಿಗೇ ಹೋಗುತ್ತದೆ. ಆದರೆ ಅದು ತಪ್ಪು. ಅವನತ ಕೋನವನ್ನು ಅಳೆಯುವುದು ಕಣ್ಣಿನ ಮಟ್ಟದ ಅಡ್ಡಗೆರೆಯಿಂದ. ನೇರ ಮುಂದೆ ನೋಡುತ್ತಿದ್ದ ದೃಷ್ಟಿಯನ್ನು ಎಷ್ಟು ಕೆಳಗಿಳಿಸಿದಿರೋ ಅಷ್ಟೇ ಆ ಕೋನ. ಆ ಅಡ್ಡಗೆರೆ ತ್ರಿಭುಜದ ಹೊರಗಿರುತ್ತದೆ. ಪ್ರಶ್ನೆ ಅದನ್ನು ಎಳೆದುಕೊಡುವುದಿಲ್ಲ, ನೀವೇ ಎಳೆಯಬೇಕು.

ಹಾಗಾಗಿ ಮೇಲಿನ ತುದಿಯಿಂದ ನೆಲಕ್ಕೆ ಸಮಾಂತರವಾಗಿ ಒಂದು ಚುಕ್ಕೆಗೆರೆ ಎಳೆಯಿರಿ, ನೋಡುತ್ತಿರುವ ವಸ್ತು ಇರುವ ಕಡೆಗೆ. ಚುಕ್ಕೆಗೆರೆಗೂ ಏಣಿಗೂ ನಡುವಿನ ಕೋನವೇ ಅವನತ ಕೋನ. ಎರಡು ಸಮಾಂತರ ಗೆರೆಗಳನ್ನು ಏಣಿ ಕತ್ತರಿಸುತ್ತಿದೆ, ಅಲ್ವಾ? ಪರ್ಯಾಯ ಕೋನಗಳು ಸಮ. ಆದ್ದರಿಂದ ಮೇಲಿನ ಅವನತ ಕೋನವೂ 60°, ಬುಡದ ಉನ್ನತ ಕೋನವೂ 60°. ಗೋಡೆಗೂ ಏಣಿಗೂ ನಡುವೆ ಇರುವುದು ಉಳಿದ 30°. ಕೋನವನ್ನು ಬುಡಕ್ಕೆ ಇಳಿಸಿಕೊಂಡ ಮೇಲೆ ಲೆಕ್ಕವನ್ನು ಅಲ್ಲಿಂದಲೇ ಮಾಡಿ. ಮೇಲಿನ ಮೂಲೆಯಿಂದ ಮಾಡಲೇಬೇಡಿ.

‘ಅವನತ ಕೋನ ಕೊಟ್ಟರೆ ಸುಮ್ನೆ ಕೆಳಗೆ ಬರೆದುಬಿಡು’ ಎಂಬ ಅಡ್ಡದಾರಿಯನ್ನು ಕೆಲವರು ಹೇಳಿಕೊಡುತ್ತಾರೆ. ಉತ್ತರವೇನೋ ಬರುತ್ತದೆ. ಒಂದೇ ಕಟ್ಟಡದಿಂದ ಎರಡು ಕಾರುಗಳನ್ನು ನೋಡುವ ಲೆಕ್ಕ ಬಂದಾಗ ಯಾವ ಕೋನ ಯಾವ ಕಾರಿನದು ಎಂದು ಗೊಂದಲವಾಗುತ್ತದೆ. ಚುಕ್ಕೆಗೆರೆ ಎಳೆದೇ ಮುಂದೆ ಹೋಗಿ. ಎಲ್ಲ ಚಿತ್ರಗಳನ್ನೂ ಮೊದಲೇ ಬರೆದುಕೊಡುವ ಗೈಡ್‌ಗಳನ್ನು ಈ ಅಧ್ಯಾಯಕ್ಕೆ ಮುಟ್ಟಬೇಡಿ. ಕಲಿಯಬೇಕಾದ ಕೆಲಸವನ್ನೇ ಅವು ಮಾಡಿ ಮುಗಿಸಿರುತ್ತವೆ.

ಹಂತ 4: ಅನುಪಾತ ಆರಿಸಿ. ಏಣಿಯೇ ವಿಕರ್ಣ. ಅದರ ಉದ್ದ ಗೊತ್ತಿದ್ದು ಎತ್ತರ ಬೇಕಾದರೆ sin, ಬುಡ ಗೋಡೆಯಿಂದ ಎಷ್ಟು ದೂರ ಎಂದು ಬೇಕಾದರೆ cos. ಎತ್ತರ = 6 × sin 60° = 3√3, ಅಂದರೆ ಸುಮಾರು 5.2 ಮೀಟರ್. ದೂರ = 6 × cos 60° = 3 ಮೀಟರ್. ವಿಕರ್ಣದ ಸುದ್ದಿಯೇ ಇಲ್ಲದಿದ್ದರೆ tan.

ಹಂತ 5: ಉತ್ತರ ನಂಬಬಹುದೇ ನೋಡಿ. 30 ಮೀಟರ್ ಎತ್ತರದ ಕಟ್ಟಡದ ತುದಿಯಿಂದ ರಸ್ತೆಯ ಕಾರಿನ ಅವನತ ಕೋನ 30° ಎನ್ನಿ. tan 30° = 30 ÷ ದೂರ. ದೂರ 30√3, ಸುಮಾರು 52 ಮೀಟರ್. ಕೋನವನ್ನು ಗೋಡೆಯ ಪಕ್ಕ ಬರೆದವರಿಗೆ ಸುಮಾರು 17.3 ಮೀಟರ್ ಬಂದಿರುತ್ತದೆ. ಅದು ತಪ್ಪೆಂದು ಹೇಗೆ ಗೊತ್ತಾಗುತ್ತದೆ? 45° ಇದ್ದರೆ ಎತ್ತರವೂ ದೂರವೂ ಸಮ. ಕೋನ ಅದಕ್ಕಿಂತ ಕಡಿಮೆ ಇದ್ದರೆ ಕಾರು ಎತ್ತರಕ್ಕಿಂತ ಜಾಸ್ತಿ ದೂರ ಇರಲೇಬೇಕು. 17.3 ಎನ್ನುವುದು 30ಕ್ಕಿಂತ ಕಡಿಮೆ, ಹಾಗಾಗಿ ಚಿತ್ರಕ್ಕೆ ವಾಪಸ್ ಹೋಗಿ. ಏಣಿಯ ಲೆಕ್ಕದಲ್ಲಿ ಪರೀಕ್ಷೆ ಇನ್ನೂ ಸುಲಭ: ಎತ್ತರ ಏಣಿಯ ಉದ್ದವನ್ನು ಮೀರುವಂತಿಲ್ಲ.

ಮನೆಯಲ್ಲಿ ಕ್ಯಾಲ್ಕುಲೇಟರ್‌ನಿಂದ ತಾಳೆ ನೋಡುವವರು ಮೊದಲು sin 30 ಒತ್ತಿ. 0.5 ಬರಬೇಕು. −0.988 ಬಂದರೆ ಅದು ರೇಡಿಯನ್‌ನಲ್ಲಿದೆ, ಡಿಗ್ರಿಗೆ ಬದಲಿಸಿಕೊಳ್ಳಿ.

ಪುಸ್ತಕದ ಈ 60° ಏಣಿಯನ್ನು ನಿಜವಾಗಿ ಹತ್ತಲು ಹೋಗಬೇಡಿ. ಅಷ್ಟು ವಾಲಿದರೆ ಬುಡ ಜಾರುವ ಸಾಧ್ಯತೆ ಜಾಸ್ತಿ. ಒರಗಿಸುವ ಏಣಿಗೆ ಸುರಕ್ಷತೆಯ ನಿಯಮ ಬೇರೆ: ತುದಿ 4 ಮೀಟರ್ ಎತ್ತರ ಮುಟ್ಟಿದರೆ ಬುಡ ಗೋಡೆಯಿಂದ 1 ಮೀಟರ್ ದೂರ ಇರಬೇಕು. ಆಗ ನೆಲದೊಂದಿಗಿನ ಕೋನದ tan ಬೆಲೆ 4, ಕೋನ ಸುಮಾರು 76°.